ಲೋಟದಲ್ಲಿ ಆರುವ ಟೀ, ಗಾಳಿಗಿಟ್ಟ ಕಬ್ಬಿಣ

ಬಿಸಿ ಟೀ ಒಂದೇ ವೇಗದಲ್ಲಿ ಆರುವುದಿಲ್ಲ. ಲೋಟಕ್ಕೆ ಬಗ್ಗಿಸಿದ ಹೊಸದರಲ್ಲಿ ಬಿಸಿ ಬೇಗಬೇಗ ಇಳಿಯುತ್ತದೆ. ಉಗುರುಬೆಚ್ಚಗಾದ ಮೇಲೆ ಇಳಿತ ನಿಧಾನವಾಗುತ್ತದೆ, ಕೋಣೆಯ ಉಷ್ಣತೆಯ ಹತ್ತಿರ ಬಂದಾಗ ಇಳಿಯುತ್ತಿದೆ ಎಂಬುದೇ ಕೈಗೆ ತಿಳಿಯುವುದಿಲ್ಲ. ಸುತ್ತಲಿನ ಗಾಳಿಗಿಂತ ಟೀ ಎಷ್ಟು ಹೆಚ್ಚು ಬಿಸಿಯಾಗಿದೆಯೋ ಆ ಹೆಚ್ಚುವರಿಗೆ ತಕ್ಕಷ್ಟು ವೇಗದಲ್ಲಿ ಅದು ಆರುತ್ತದೆ. ಪಿಯುಸಿ ಭೌತವಿಜ್ಞಾನದಲ್ಲಿ ನ್ಯೂಟನ್ನನ ಶೀತಲೀಕರಣ ನಿಯಮವೆಂದು ಕಲಿಸುವುದು ಇದನ್ನೇ.

ಈ ನಿಯಮ ಹುಟ್ಟಿದ್ದು ಕಾದ ಕಬ್ಬಿಣದ ಮುಂದೆ. 1701ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಯ ಪತ್ರಿಕೆಯಲ್ಲಿ ಲ್ಯಾಟಿನ್ ಭಾಷೆಯ ಒಂದು ಪುಟ್ಟ ಲೇಖನ ಬಂತು. ಬರೆದವರ ಹೆಸರೇ ಅದರಲ್ಲಿರಲಿಲ್ಲ. ಬರೆದವನು ಆಗ ಇಂಗ್ಲೆಂಡಿನ ಟಂಕಸಾಲೆಯ ಹೊಣೆ ಹೊತ್ತಿದ್ದ ಐಸಾಕ್ ನ್ಯೂಟನ್. ಅವನಿಗೆ ಬೇಕಾಗಿದ್ದದ್ದು ಬಿಸಿಯ ಒಂದು ಅಳತೆಪಟ್ಟಿ. ಅಗಸೆ ಎಣ್ಣೆ ತುಂಬಿದ ಉಷ್ಣಮಾಪಕವೊಂದನ್ನು ಮಾಡಿಕೊಂಡಿದ್ದ. ನೀರು ಹೆಪ್ಪುಗಟ್ಟುವ ಚಳಿಗೆ 0, ಮನುಷ್ಯನ ಮೈಬಿಸಿಗೆ 12 ಎಂದು ಗುರುತು ಹಾಕಿದ. ಆ ಲೆಕ್ಕದಲ್ಲಿ ತವರ ಕರಗುವುದು 72ರಲ್ಲಿ. ಅದಕ್ಕಿಂತ ಬಹಳ ಮೇಲಕ್ಕೆ, ಕೆಂಡದಂತಹ ಬಿಸಿಗೆ, ಎಣ್ಣೆಯ ಕೊಳವೆಯಿಂದ ಅಳೆಯಲಾಗುತ್ತಿರಲಿಲ್ಲ.

ಆಗ ಅವನು ಮಾಡಿದ ಉಪಾಯ ಇಡೀ ಕಥೆಯಲ್ಲೇ ಅತಿ ಚೆಂದದ್ದು. ಕೆಂಪಗೆ ಕಾದ ದಪ್ಪ ಕಬ್ಬಿಣದ ತುಂಡನ್ನು ಇಕ್ಕಳದಿಂದ ಎತ್ತಿ, ಗಾಳಿ ಒಂದೇ ಸಮನೆ ಬೀಸುವ ತಣ್ಣಗಿನ ಜಾಗದಲ್ಲಿ ಇಟ್ಟ. ಅದರ ಮೇಲೆ ಬೇರೆ ಬೇರೆ ಲೋಹಗಳ, ಮಿಶ್ರಲೋಹಗಳ ಚೂರುಗಳನ್ನು ಹಾಕಿದ. ಚೂರುಗಳೆಲ್ಲ ಕರಗಿದವು. ಕಬ್ಬಿಣ ಆರುತ್ತಾ ಹೋದಂತೆ ಒಂದೊಂದೇ ಚೂರು ಗಟ್ಟಿಯಾಯಿತು. ಯಾವ ಚೂರು ಯಾವ ಹೊತ್ತಿಗೆ ಗಟ್ಟಿಯಾಯಿತೆಂದು ಬರೆದುಕೊಂಡ. ಕಬ್ಬಿಣ ಮೈಬಿಸಿಗೆ ಇಳಿಯುವವರೆಗೂ ಕಾದ. ಸಮಯ ಸಮಾಂತರ ಶ್ರೇಢಿಯಲ್ಲಿ ಸಾಗಿದರೆ ಹೆಚ್ಚುವರಿ ಬಿಸಿ ಗುಣೋತ್ತರ ಶ್ರೇಢಿಯಲ್ಲಿ ಇಳಿಯುತ್ತದೆ ಎಂದು ಅವನು ಇಟ್ಟುಕೊಂಡ. ಹಾಗಾಗಿ ಗಡಿಯಾರ ನೋಡಿಯೇ ಬಿಸಿಯನ್ನು ಲೆಕ್ಕ ಹಾಕಲು ಸಾಧ್ಯವಾಯಿತು. ಸೀಸ ಕರಗುವ ಬಿಸಿ 96 ಎಂದೂ ಅಡುಗೆಮನೆಯ ಸಣ್ಣ ಬೆಂಕಿಯ ಕೆಂಡ 192 ಎಂದೂ ಅವನ ಪಟ್ಟಿಯಲ್ಲಿದೆ. ಕೈ ಇಡಲಾಗದ ಬಿಸಿಯನ್ನು ಕಾಲದಿಂದ ಅಳೆದ ಜಾಣತನವಿದು.

ಇಂದಿನ ಪಠ್ಯಪುಸ್ತಕದ ಸಮೀಕರಣ ಆ ಲೇಖನದಲ್ಲಿಲ್ಲ, ಅದು ನಂತರದವರ ಬರಹ. ಆದರೆ ಲೇಖನದಲ್ಲಿದ್ದ ಒಂದು ಎಚ್ಚರಿಕೆಯನ್ನು ನಂತರದವರು ಕೈಬಿಟ್ಟರು ಎಂಬುದು ಬೇಸರದ ಸಂಗತಿ. ಕಬ್ಬಿಣವನ್ನು ನಿಂತ ಗಾಳಿಯಲ್ಲಿಡದೆ ಬೀಸುವ ಗಾಳಿಯಲ್ಲಿಟ್ಟೆನೆಂದು ನ್ಯೂಟನ್ ಬಿಡಿಸಿ ಹೇಳಿದ್ದ. ಕಾದ ಗಾಳಿ ಅಲ್ಲಿಂದ ಸರಿದು, ಅದರ ಜಾಗಕ್ಕೆ ತಣ್ಣನೆಯ ಗಾಳಿ ಒಂದೇ ಪ್ರಮಾಣದಲ್ಲಿ ಬರುತ್ತಿರಬೇಕು ಎಂಬುದು ಅವನ ಕಾರಣ.

ಇನ್ನು ಮತ್ತೆ ಟೀಗೆ ಬರೋಣ. ಗುಂಡ್ಲುಪೇಟೆಯಲ್ಲಿ ಒಂದು ಲೋಟ ಟೀ ಕಾಯಿಸಿದೆವು ಎಂದುಕೊಳ್ಳೋಣ. ಊರು ಸಮುದ್ರಮಟ್ಟದಿಂದ ಸುಮಾರು 800 ಮೀಟರ್ ಎತ್ತರದಲ್ಲಿದೆ, ಆದ್ದರಿಂದ ಅಲ್ಲಿ ನೀರು 100 ಡಿಗ್ರಿಗೆ ಬದಲು 97 ಡಿಗ್ರಿಯ ಆಸುಪಾಸಿನಲ್ಲೇ ಕುದಿಯುತ್ತದೆ. ಆದರೆ ಲೆಕ್ಕ ಶುರುವಾಗುವುದು ಕುದಿಯುವ ಬಿಸಿಯಿಂದಲ್ಲ. ಸೋಸುವಾಗ, ಎತ್ತಿ ಹೊಯ್ಯುವಾಗ, ತಣ್ಣನೆಯ ಲೋಟಕ್ಕೆ ಬೀಳುವಾಗ ಕೆಲವೇ ಸೆಕೆಂಡುಗಳಲ್ಲಿ ಹತ್ತು ಡಿಗ್ರಿಗಿಂತ ಹೆಚ್ಚು ಹೋಗಿಬಿಡಬಹುದು, ಆ ಇಳಿತಕ್ಕೆ ಈ ನಿಯಮ ಅನ್ವಯಿಸುವುದಿಲ್ಲ. ಲೋಟವೂ ಟೀಯೂ ಒಂದೇ ಬಿಸಿಗೆ ಬಂದ ಮೇಲೆ ಉಷ್ಣಮಾಪಕ ನೋಡಿ, ಆ ಗಳಿಗೆಯನ್ನು ಸೊನ್ನೆ ನಿಮಿಷ ಎನ್ನಬೇಕು. ಅದು 85 ಡಿಗ್ರಿ ಇತ್ತೆಂದೂ ಕೋಣೆ 25 ಡಿಗ್ರಿ ಇತ್ತೆಂದೂ ಇಟ್ಟುಕೊಳ್ಳೋಣ. ಟೀಯ ಉಷ್ಣತೆ T, ನಿಮಿಷಗಳಲ್ಲಿ ಸಮಯ t ಆದರೆ ನಿಯಮದ ರೂಪ ಹೀಗಿರುತ್ತದೆ:

dT/dt = −k(T − 25)

ಇದು ಅವಕಲ ಸಮೀಕರಣ. ಇದರಲ್ಲಿರುವುದು ಆರುವ ವೇಗದ ಮಾತು ಮಾತ್ರ. ಟೀ ಎಲ್ಲಿಂದ ಹೊರಟಿತು ಎಂಬುದು ಇದಕ್ಕೆ ಗೊತ್ತಿಲ್ಲ. ಹೆಚ್ಚುವರಿ ಬಿಸಿ T − 25 ಅನ್ನು u ಎಂದು ಕರೆದರೆ du/u = −k dt ಆಗುತ್ತದೆ. ಎರಡೂ ಕಡೆ ಅನುಕಲಿಸಿದಾಗ ln u = −kt + C ಬರುತ್ತದೆ. C ಏನು ಬೇಕಾದರೂ ಆಗಬಹುದಾದ್ದರಿಂದ ಇದು ಒಂದು ಲೋಟದ ಕಥೆಯಲ್ಲ, ಆ ಕೋಣೆಯಲ್ಲಿ ಆರಬಹುದಾದ ಅಂಥ ಎಲ್ಲ ಲೋಟಗಳ ಕಥೆ. ಆರಂಭದ ಷರತ್ತಿನ ಕೆಲಸ ಇಲ್ಲಿದೆ. t = 0 ಆದಾಗ u = 60 ಇತ್ತು, ಆದ್ದರಿಂದ C ಎಂದರೆ ln 60. ಈಗ ನಮ್ಮ ಲೋಟ ಒಂದೇ ಉಳಿಯುತ್ತದೆ:

T = 25 + 60e^(−kt)

k ಗೊತ್ತಾಗಬೇಕಾದರೆ ಇನ್ನೊಂದು ಸಲ ಉಷ್ಣಮಾಪಕ ನೋಡಬೇಕು. ಐದು ನಿಮಿಷದ ಮೇಲೆ 73 ಡಿಗ್ರಿ ಇದ್ದರೆ ಹೆಚ್ಚುವರಿ 60ರಿಂದ 48ಕ್ಕೆ, ಅಂದರೆ ಐದನೇ ನಾಲ್ಕು ಭಾಗಕ್ಕೆ ಇಳಿದಿದೆ. ಇದರಿಂದ k = ln(60/48)/5, ನಿಮಿಷಕ್ಕೆ ಸುಮಾರು 0.0446. ಮುಂದೆ ಪ್ರತಿ ಐದು ನಿಮಿಷಕ್ಕೂ ಹೆಚ್ಚುವರಿ ಅದೇ ಐದನೇ ನಾಲ್ಕು ಭಾಗವಾಗುತ್ತದೆ: ಹತ್ತನೇ ನಿಮಿಷಕ್ಕೆ ಟೀ 63.4 ಡಿಗ್ರಿ, ಹದಿನೈದನೆಯದಕ್ಕೆ 55.7. ನ್ಯೂಟನ್ ಹೇಳಿದ ಗುಣೋತ್ತರ ಶ್ರೇಢಿ ಇದೇ. ಬಾಯಿ ಸುಡದ 60 ಡಿಗ್ರಿಗೆ ಬರಲು ln(60/35)ನ್ನು 0.0446ರಿಂದ ಭಾಗಿಸಿದರೆ ಸುಮಾರು 12 ನಿಮಿಷ. ಸೂತ್ರದ ಪ್ರಕಾರ ಟೀ ಎಂದಿಗೂ ಸರಿಯಾಗಿ 25 ಡಿಗ್ರಿ ಮುಟ್ಟುವುದಿಲ್ಲ. ಆದರೆ ಒಂದೂಮುಕ್ಕಾಲು ಗಂಟೆಯ ಮೇಲೆ ಉಳಿದ ಅರ್ಧ ಡಿಗ್ರಿಯನ್ನು ಸಾಧಾರಣ ಉಷ್ಣಮಾಪಕದಲ್ಲಿ ಗುರುತಿಸುವುದೇ ಕಷ್ಟ.

ಅದೇ ಲೋಟ, ಅಷ್ಟೇ ಟೀ, ಅದೇ 85 ಡಿಗ್ರಿಯ ಆರಂಭ. ಬೇಸಿಗೆಯ ಮಧ್ಯಾಹ್ನ ಚಾಮರಾಜನಗರದ 35 ಡಿಗ್ರಿಯ ಕೋಣೆಯಲ್ಲಿಟ್ಟರೆ 60 ಡಿಗ್ರಿಗೆ ಬರಲು ಹದಿನೈದೂವರೆ ನಿಮಿಷ ಬೇಕು. ಮಂಜು ಕವಿದ ಗೋಪಾಲಸ್ವಾಮಿ ಬೆಟ್ಟದ ಮೇಲೆ 15 ಡಿಗ್ರಿ ಇದ್ದರೆ ಹತ್ತು ನಿಮಿಷ ಸಾಕು. ಆದರೆ ಇದು k ಬದಲಾಗದಿದ್ದರೆ ಬರುವ ಉತ್ತರ. ಬೆಟ್ಟದ ಬಯಲಲ್ಲಿ ಗಾಳಿ ಬೀಸಿದರೆ k ಹೆಚ್ಚಾಗುತ್ತದೆ, ಟೀ ಇನ್ನೂ ಬೇಗ ಆರುತ್ತದೆ. ಸಣ್ಣ ಲೋಟ, ಅಗಲ ಬಾಯಿ, ತೆಳು ಸ್ಟೀಲು, ಇವೆಲ್ಲ ಅಡಗಿರುವುದು k ಒಳಗೇ.

ನಿಯಮ ಎಲ್ಲಿ ತಪ್ಪುತ್ತದೆ ಎಂಬುದನ್ನು 1817ರಲ್ಲಿ ಫ್ರಾನ್ಸಿನ ದ್ಯುಲಾಂಗ್ ಮತ್ತು ಪೆಟಿ ತೋರಿಸಿದರು: ಬಿಸಿಯ ವ್ಯತ್ಯಾಸ ದೊಡ್ಡದಾದರೆ ವಸ್ತು ನ್ಯೂಟನ್ನನ ಲೆಕ್ಕಕ್ಕಿಂತ ವೇಗವಾಗಿ ಆರುತ್ತದೆ. ನಿಂತ ಗಾಳಿಯಲ್ಲಿ ನಷ್ಟ ಹೋಗುವುದು ವ್ಯತ್ಯಾಸದ ಸುಮಾರು 1.25ನೇ ಘಾತಕ್ಕೆ ತಕ್ಕಂತೆ. ನ್ಯೂಟನ್ ಗಾಳಿ ಬೀಸುವ ಜಾಗ ಹುಡುಕಿದ್ದು ವ್ಯರ್ಥವಾಗಿರಲಿಲ್ಲ. ವಿಕಿರಣವಾಗಿ ಹೋಗುವ ಶಾಖವೂ ವ್ಯತ್ಯಾಸಕ್ಕೆ ನೇರವಾಗಿ ತಕ್ಕಂತೆ ಇರುವುದಿಲ್ಲ, ಅದರ ನಿಯಮವನ್ನು 1879ರಲ್ಲಿ ಯೋಸೆಫ್ ಸ್ಟೆಫಾನ್ ಕೊಟ್ಟ.

ಟೀ ಲೋಟದಲ್ಲಿ ಇವೆರಡಕ್ಕಿಂತ ಹೆಚ್ಚು ಲೆಕ್ಕ ಕೆಡಿಸುವುದು ಹಬೆ. ತುಂಬಾ ಬಿಸಿ ಇದ್ದಾಗ ಶಾಖದ ದೊಡ್ಡ ಪಾಲು ಆವಿಯಾಗಿ ಹೋಗುತ್ತದೆ, ಬಿಸಿ ಇಳಿದಂತೆ ಆ ಪಾಲು ವ್ಯತ್ಯಾಸಕ್ಕಿಂತ ಬಹಳ ಬೇಗ ಕುಗ್ಗುತ್ತದೆ. ಇದನ್ನು ಕಂಡುಹಿಡಿಯುವುದು ಸುಲಭ. ಐದೈದು ನಿಮಿಷಕ್ಕೆ ಉಷ್ಣತೆ ಬರೆದುಕೊಂಡು, ಕೋಣೆಯ ಉಷ್ಣತೆ ಕಳೆದು, ಉಳಿದದ್ದರ ಲಾಗರಿದಮ್ಮನ್ನು ಗ್ರಾಫ್ ಹಾಳೆಯಲ್ಲಿ ಗುರುತಿಸಿದರೆ ನಿಯಮದ ಪ್ರಕಾರ ನೇರ ಗೆರೆ ಬರಬೇಕು. ತೆರೆದ ಲೋಟದ ಗೆರೆ ಮೊದಮೊದಲು ಕಡಿದಾಗಿದ್ದು ಆಮೇಲೆ ಬಾಗುತ್ತದೆ. ಅದೇ ಲೋಟಕ್ಕೆ ತಟ್ಟೆ ಮುಚ್ಚಿ ಮತ್ತೆ ಅಳೆದರೆ ಟೀ ನಿಧಾನವಾಗಿ ಆರುತ್ತದೆ, k ಚಿಕ್ಕದಾಗುತ್ತದೆ, ಗೆರೆಯ ಬಾಗು ಬಹಳ ಮಟ್ಟಿಗೆ ಹೋಗುತ್ತದೆ. ಮುಚ್ಚಿದ ಮೇಲೂ ಗೆರೆ ಬಾಗಿಯೇ ಇದ್ದರೆ ಕೋಣೆಯ ಉಷ್ಣತೆಯನ್ನೇ ಮತ್ತೊಮ್ಮೆ ನೋಡಬೇಕು. ಅದನ್ನು ಒಂದೆರಡು ಡಿಗ್ರಿ ತಪ್ಪಾಗಿ ಬರೆದುಕೊಂಡಿದ್ದರೂ ಗೆರೆಯ ಕೊನೆಯ ಭಾಗ ಡೊಂಕಾಗುತ್ತದೆ.