ಪೊಟ್ಟಣದ ಲೆಕ್ಕ ಮತ್ತು ಬಟ್ಟಲಿನ ಲೆಕ್ಕ
(ಕುಟುಂಬಗಳ ಸಭೆಯೊಂದರಲ್ಲಿ ಮಾಡಿದ ಭಾಷಣದ ಬರಹ ರೂಪ)



ಅಂಗಡಿಯಿಂದ ಪೊಟ್ಟಣ ತಂದಾಗ ಅದನ್ನು ತಿರುಗಿಸಿ ನೋಡುವ ಅಭ್ಯಾಸ ನಮ್ಮ ಮನೆಗಳಲ್ಲಿ ಹೊಸದೇನಲ್ಲ. ಜೆಲಾಟಿನ್ ಇದೆಯೇ, ಯಾವ ಕೊಬ್ಬು ಬಳಸಿದ್ದಾರೆ, ಹಸಿರು ಚುಕ್ಕೆಯೇ ಕಂದು ಗುರುತೇ ಎಂದು ನಾವು ಪರಿಶೀಲಿಸುತ್ತೇವೆ. ಆದರೆ ಅದರ ಪಕ್ಕದಲ್ಲೇ ಇರುವ ಪೋಷಕಾಂಶಗಳ ಕೋಷ್ಟಕದ ಮೇಲೆ ಕಣ್ಣು ಹಾಯಿಸುವವರು ಕಡಿಮೆ. ಹಾಯಿಸಿದವರಲ್ಲೂ ಅನೇಕರು ಅದನ್ನು ತಪ್ಪಾಗಿ ಓದುತ್ತಾರೆ. ರಕ್ತದೊತ್ತಡವಿರುವ ತಂದೆಗೆ ಉಪ್ಪು ಕಡಿಮೆ ಮಾಡಬೇಕೆಂದು ವೈದ್ಯರು ಹೇಳಿರುತ್ತಾರೆ. ಮಗ ಲೇಬಲ್ ನೋಡಿ, 'ಇದರಲ್ಲಿ ಸೋಡಿಯಂ ಕೇವಲ ಎಂಟು ಶೇಕಡಾ, ಧಾರಾಳವಾಗಿ ತಿನ್ನಿ' ಎನ್ನುತ್ತಾನೆ. ಲೇಬಲ್ ಸುಳ್ಳು ಹೇಳಿರುವುದಿಲ್ಲ, ಮಗನೂ ಸುಳ್ಳು ಹೇಳಿರುವುದಿಲ್ಲ. ಆದರೂ ತಂದೆಯ ದೇಹಕ್ಕೆ ಸೇರುವ ಉಪ್ಪು ಅದರ ಮೂರು ಪಟ್ಟಿಗೂ ಹೆಚ್ಚಾಗಿರುತ್ತದೆ. ಇದು ಹೇಗೆ ಸಾಧ್ಯ?

ಉತ್ತರವು ಕೋಷ್ಟಕದ ತಲೆಬರಹದಲ್ಲಿದೆ. ಭಾರತೀಯ ಆಹಾರ ಸುರಕ್ಷತೆ ಮತ್ತು ಮಾನದಂಡಗಳ ಪ್ರಾಧಿಕಾರದ 2020ರ ಲೇಬಲ್ ನಿಯಮಗಳ ಪ್ರಕಾರ, ಪೋಷಕಾಂಶಗಳ ಪ್ರಮಾಣವನ್ನು 100 ಗ್ರಾಂ ಅಥವಾ 100 ಮಿಲಿಲೀಟರಿಗೆ ಲೆಕ್ಕ ಹಾಕಿ ಮುದ್ರಿಸಬೇಕು. ಒಬ್ಬರು ಒಂದೇ ಸಲಕ್ಕೆ ಮುಗಿಸುವ ಸಣ್ಣ ಪೊಟ್ಟಣವಾದರೆ ಇಡೀ ಪೊಟ್ಟಣಕ್ಕೆ ಲೆಕ್ಕ ಕೊಡಬಹುದು. ಆದರೆ ದಿನದ ಅಗತ್ಯದಲ್ಲಿ ಇದು ಎಷ್ಟು ಪಾಲು ಎಂದು ತಿಳಿಸುವ ಶೇಕಡಾವಾರು ಅಂಕಿಯನ್ನು ಒಂದು 'ಸರ್ವಿಂಗ್'ಗೆ, ಅಂದರೆ ಒಂದು ಬಡಿಸುವಿಕೆಗೆ ಕೊಡಲಾಗುತ್ತದೆ. ಹೀಗೆ ಒಂದೇ ಸಾಲಿನಲ್ಲಿರುವ ಎರಡು ಅಂಕಿಗಳು ಎರಡು ಬೇರೆ ತೂಕಗಳಿಗೆ ಸೇರಿದವು. ಬಡಿಸುವಿಕೆಯ ತೂಕವು ತಯಾರಕರು ಲೆಕ್ಕಕ್ಕಾಗಿ ಇಟ್ಟುಕೊಂಡ ಅಳತೆಯೇ ಹೊರತು ನೀವು ಅಷ್ಟೇ ತಿನ್ನುತ್ತೀರೆಂಬ ಭರವಸೆಯಲ್ಲ, ಅಷ್ಟು ತಿನ್ನಿರೆಂಬ ಸಲಹೆಯೂ ಅಲ್ಲ.

ಒಂದು ಉದಾಹರಣೆಯನ್ನು ಬಿಡಿಸಿ ನೋಡೋಣ. ಸಂಜೆಯ ಚಹಾದ ಜೊತೆಗೆ ಖಾರದ ಮಿಕ್ಸ್ಚರಿನ 200 ಗ್ರಾಂ ಪೊಟ್ಟಣವನ್ನು ಒಡೆಯಲಾಗಿದೆ ಎಂದುಕೊಳ್ಳಿ. ಅದರ ಮೇಲೆ, ಒಂದು ಬಡಿಸುವಿಕೆ 20 ಗ್ರಾಂ, ಪೊಟ್ಟಣದಲ್ಲಿ 10 ಬಡಿಸುವಿಕೆಗಳು ಎಂದು ಬರೆದಿದೆ. 100 ಗ್ರಾಮಿನ ಅಂಕಣದಲ್ಲಿ ಶಕ್ತಿ 540 ಕಿಲೋಕ್ಯಾಲೊರಿ, ಕೊಬ್ಬು 35 ಗ್ರಾಂ, ಸೋಡಿಯಂ 800 ಮಿಲಿಗ್ರಾಂ ಎಂದಿದೆ. ಪಕ್ಕದ ಶೇಕಡಾ ಅಂಕಣದಲ್ಲಿ ಶಕ್ತಿಗೆ 5, ಕೊಬ್ಬಿಗೆ 10, ಸೋಡಿಯಂಗೆ 8 ಎಂದಿದೆ. ಮಗ ಓದಿದ್ದು ಈ ಎಂಟನ್ನು. ಆದರೆ ಅದು 20 ಗ್ರಾಮಿನ, ಅಂದರೆ ಒಂದು ಸಣ್ಣ ಹಿಡಿಯ ಲೆಕ್ಕ.

ಈಗ ತಂದೆ ನಿಜವಾಗಿ ತಿಂದದ್ದೆಷ್ಟು? ಎರಡು ಬಟ್ಟಲು. ಬಟ್ಟಲಿನ ತೂಕ ಕಣ್ಣಂದಾಜಿಗೆ ಸಿಗುವಂಥದ್ದಲ್ಲ. ಅದೇ ಬಟ್ಟಲಿನಲ್ಲಿ ಅವಲಕ್ಕಿ ಚೂಡಾ ತುಂಬಿದರೆ ಹಗುರ, ಹುರಿದ ಕಡಲೆ ತುಂಬಿದರೆ ಭಾರ. ಅಡುಗೆಮನೆಯಲ್ಲಿ ಸಣ್ಣ ತಕ್ಕಡಿಯಿದ್ದರೆ ಖಾಲಿ ಬಟ್ಟಲನ್ನೊಮ್ಮೆ, ತುಂಬಿದ ಬಟ್ಟಲನ್ನೊಮ್ಮೆ ತೂಗಿ ವ್ಯತ್ಯಾಸ ತೆಗೆದರಾಯಿತು. ತಕ್ಕಡಿ ಇಲ್ಲದ ಮನೆಯಲ್ಲಿ ಪೊಟ್ಟಣವೇ ತಕ್ಕಡಿ. ಹೊಸ ಪೊಟ್ಟಣವನ್ನು ಪೂರ್ತಿಯಾಗಿ ಅದೇ ಬಟ್ಟಲಿನಿಂದ ಅಳೆದು ಡಬ್ಬಕ್ಕೆ ಹಾಕಿ, ಎಷ್ಟು ಬಟ್ಟಲಾಯಿತೆಂದು ಎಣಿಸಿ. 200 ಗ್ರಾಂ ಆರು ಬಟ್ಟಲಿಗಿಂತ ತುಸು ಕಡಿಮೆಯಾದರೆ ಒಂದು ಬಟ್ಟಲಿಗೆ ಸುಮಾರು 35 ಗ್ರಾಂ. ಒಮ್ಮೆ ಇದನ್ನು ಮಾಡಿಟ್ಟುಕೊಂಡರೆ, ಆ ತಿಂಡಿಗೆ ಆ ಬಟ್ಟಲು ಶಾಶ್ವತ ಅಳತೆಯಾಗುತ್ತದೆ.

ಎರಡು ಬಟ್ಟಲೆಂದರೆ 70 ಗ್ರಾಂ. ಇನ್ನು ಲೆಕ್ಕ ಸುಲಭ. 100 ಗ್ರಾಮಿನ ಅಂಕಿಯನ್ನು 70ರಿಂದ ಗುಣಿಸಿ 100ರಿಂದ ಭಾಗಿಸಬೇಕು. ಆಗ ಶಕ್ತಿ 378 ಕಿಲೋಕ್ಯಾಲೊರಿ, ಕೊಬ್ಬು ಇಪ್ಪತ್ತನಾಲ್ಕೂವರೆ ಗ್ರಾಂ, ಸೋಡಿಯಂ 560 ಮಿಲಿಗ್ರಾಂ. ಸೋಡಿಯಂ ಅನ್ನು ಉಪ್ಪಿನ ಭಾಷೆಗೆ ತರಬೇಕಾದರೆ ಎರಡೂವರೆಯಿಂದ ಗುಣಿಸಿ: 1,400 ಮಿಲಿಗ್ರಾಂ, ಅಂದರೆ ಸುಮಾರು ಒಂದೂ ಕಾಲು ಗ್ರಾಮಿಗಿಂತ ಹೆಚ್ಚು ಉಪ್ಪು. ಲೇಬಲ್ಲಿನ ನಿಯಮವು ದಿನವೊಂದಕ್ಕೆ ಇಟ್ಟುಕೊಂಡಿರುವ ಮಿತಿ 2,000 ಮಿಲಿಗ್ರಾಂ ಸೋಡಿಯಂ, ಅಂದರೆ 5 ಗ್ರಾಂ ಉಪ್ಪು. ಹೀಗೆ ತಂದೆಯ ದಿನದ ಪಾಲಿನಲ್ಲಿ ಶೇಕಡಾ 28ರಷ್ಟು ಚಹಾದ ಹೊತ್ತಿಗೇ ಮುಗಿಯಿತು. ಸಾರು, ಉಪ್ಪಿನಕಾಯಿ, ರಾತ್ರಿಯ ಊಟ ಇನ್ನೂ ಬಾಕಿ ಇವೆ.

ಇದನ್ನೇ ಇನ್ನೊಂದು ದಾರಿಯಿಂದ ತಾಳೆ ನೋಡಬಹುದು. ತಿಂದದ್ದು 70 ಗ್ರಾಂ, ಬಡಿಸುವಿಕೆ 20 ಗ್ರಾಂ. ಭಾಗಿಸಿದರೆ ಮೂರೂವರೆ. ಸೋಡಿಯಮ್ಮಿನ ಎಂಟನ್ನು ಮೂರೂವರೆಯಿಂದ ಗುಣಿಸಿದರೆ 28. ಎರಡೂ ಸರಿಹೊಂದಿತು. ಆದರೆ ಕೊಬ್ಬಿನಲ್ಲಿ ಹತ್ತನ್ನು ಮೂರೂವರೆಯಿಂದ ಗುಣಿಸಿದರೆ 35 ಬರುತ್ತದೆ; ದಿನದ 67 ಗ್ರಾಮಿನಲ್ಲಿ ಇಪ್ಪತ್ತನಾಲ್ಕೂವರೆ ಗ್ರಾಂ ಎಂದು ನೇರ ಲೆಕ್ಕ ಹಾಕಿದರೆ ಸುಮಾರು 37. ಶೇಕಡಾ ಅಂಕಿಯನ್ನು ಪೂರ್ಣಾಂಕಕ್ಕೆ ಇಳಿಸಿ ಮುದ್ರಿಸಿರುವುದರಿಂದ ಗುಣಿಸಿದಾಗ ಆ ಸಣ್ಣ ಕೊರತೆಯೂ ಬೆಳೆಯುತ್ತದೆ. ಆದ್ದರಿಂದ 100 ಗ್ರಾಮಿನ ಅಂಕಣದಿಂದಲೇ ಆರಂಭಿಸುವುದು ಲೇಸು. ಎರಡು ಕಂಪೆನಿಗಳ ತಿಂಡಿಗಳನ್ನು ಹೋಲಿಸುವಾಗಲೂ ಅದೇ ಅಂಕಣ ಬೇಕು. ಒಬ್ಬರ ಬಡಿಸುವಿಕೆ 20 ಗ್ರಾಂ, ಇನ್ನೊಬ್ಬರದು 30 ಗ್ರಾಂ ಆಗಿದ್ದಾಗ ಶೇಕಡಾ ಅಂಕಿಗಳ ಹೋಲಿಕೆಗೆ ಅರ್ಥವಿಲ್ಲ.

ತಪ್ಪು ಎದುರು ದಿಕ್ಕಿನಲ್ಲೂ ಆಗುತ್ತದೆ. 70 ಗ್ರಾಮಿನ ನೂಡಲ್ಸ್ ಪೊಟ್ಟಣವನ್ನು ಪೂರ್ತಿ ತಿಂದವರು 100 ಗ್ರಾಮಿನ ಅಂಕಿಯನ್ನೇ ತಾವು ತಿಂದದ್ದೆಂದು ಭಾವಿಸಿದರೆ ಲೆಕ್ಕ ಅಗತ್ಯಕ್ಕಿಂತ ಹೆಚ್ಚಾಗುತ್ತದೆ. ಆದ್ದರಿಂದ ಅಂಕಿಯನ್ನು ಓದುವ ಮೊದಲು ಅದು ಎಷ್ಟು ತೂಕದ ಅಂಕಿ ಎಂದು ಕೇಳಿಕೊಳ್ಳಬೇಕು.

ನೀರು ಬೆರೆಸಿ ಕುಡಿಯುವ ವಸ್ತುಗಳಲ್ಲಿ ಇನ್ನೊಂದು ಎಚ್ಚರ ಅಗತ್ಯ. ಇಫ್ತಾರಿನ ಮೇಜಿನ ಮೇಲಿರುವ ಗುಲಾಬಿ ಶರಬತ್ತಿನ ಸಿರಪ್ಪನ್ನೇ ತೆಗೆದುಕೊಳ್ಳಿ. 100 ಮಿಲಿಲೀಟರ್ ಸಿರಪ್ಪಿನಲ್ಲಿ ಸೇರಿಸಿದ ಸಕ್ಕರೆ 80 ಗ್ರಾಂ, ಬಡಿಸುವಿಕೆ 20 ಮಿಲಿಲೀಟರ್ ಎಂದು ಬರೆದಿದೆಯೆನ್ನಿ. ಈ ಅಂಕಿ ಸಿರಪ್ಪಿನದು, ತಯಾರಾದ ಲೋಟದ್ದಲ್ಲ. ಮನೆಯಲ್ಲಿ ಜಗ್ಗಿಗೆ 240 ಮಿಲಿಲೀಟರ್ ಸುರಿದು ಆರು ಲೋಟ ಮಾಡಿದರೆ ಪ್ರತಿ ಲೋಟಕ್ಕೆ 40 ಮಿಲಿಲೀಟರ್ ಸಿರಪ್, 32 ಗ್ರಾಂ ಸಕ್ಕರೆ. ಎರಡು ಲೋಟ ಕುಡಿದರೆ 64 ಗ್ರಾಂ. ಲೇಬಲ್ಲಿನ ದಿನದ ಮಿತಿ 50 ಗ್ರಾಂ. ನೀರು ಹೆಚ್ಚು ಬೆರೆಸಿದರೆ ಸಿಹಿ ತೆಳುವಾಗಬಹುದು, ಆದರೆ ಜಗ್ಗಿಗೆ ಬಿದ್ದ ಸಕ್ಕರೆ ಕರಗಿ ಮಾಯವಾಗುವುದಿಲ್ಲ. ಲೋಟಗಳ ಸಂಖ್ಯೆ ಹೆಚ್ಚಾದರೆ ಮಾತ್ರ ಒಬ್ಬೊಬ್ಬರ ಪಾಲು ಇಳಿಯುತ್ತದೆ.

ಕೊನೆಯದಾಗಿ, ಆ ಶೇಕಡಾ ಅಂಕಿ ಯಾರದು ಎಂಬುದನ್ನೂ ತಿಳಿದಿರಬೇಕು. ಅದು ದಿನಕ್ಕೆ 2,000 ಕಿಲೋಕ್ಯಾಲೊರಿ ಬೇಕಾಗುವ ವಯಸ್ಕರನ್ನು ಇಟ್ಟುಕೊಂಡು ಹಾಕಿದ ಲೆಕ್ಕ. ಐದು ವರ್ಷದ ಮಗುವಿನ ಅಗತ್ಯ ಅದಕ್ಕಿಂತ ಬಹಳ ಕಡಿಮೆ. ತಂದೆಯ ಬಟ್ಟಲಿನಷ್ಟೇ ಮಗುವಿಗೂ ಕೊಟ್ಟರೆ ಮಗುವಿನ ಪಾಲಿನ ಶೇಕಡಾ ಹೆಚ್ಚು. ವೈದ್ಯರು ಉಪ್ಪಿಗೋ ಸಕ್ಕರೆಗೋ ಪ್ರತ್ಯೇಕ ಮಿತಿ ಹಾಕಿರುವ ರೋಗಿಗೂ ಆ ಅಂಕಣ ಅನ್ವಯಿಸದು. ಅಂಥವರು ಗ್ರಾಂ ಮತ್ತು ಮಿಲಿಗ್ರಾಂ ಲೆಕ್ಕವನ್ನು ತಮ್ಮ ವೈದ್ಯರು ಹೇಳಿದ ಮಿತಿಯ ಎದುರಿಗೆ ಇಟ್ಟು ನೋಡಬೇಕು.

ಮುಂದಿನ ಬಾರಿ ಪೊಟ್ಟಣ ಒಡೆಯುವಾಗ ಅದನ್ನು ನೇರವಾಗಿ ತಟ್ಟೆಗೆ ಸುರಿಯದೆ ಮೊದಲು ಬಟ್ಟಲಿನಿಂದ ಅಳೆಯಿರಿ. ಒಂದು ಬಟ್ಟಲಿಗೆ ಎಷ್ಟು ಗ್ರಾಂ ಎಂದು ಡಬ್ಬದ ಮುಚ್ಚಳದ ಮೇಲೆ ಬರೆದು ಅಂಟಿಸಿ. ತಂದೆಗೆ ಬಡಿಸುವವರು ಯಾರೇ ಆಗಿರಲಿ, ಲೆಕ್ಕ ಅವರ ಕಣ್ಣೆದುರೇ ಇರುತ್ತದೆ.