ಚೀಟಿ ಪಡೆದವರು ಆಸ್ಪತ್ರೆ ತಲುಪಿದರೇ?

(ಉಚಿತ ಆರೋಗ್ಯ ತಪಾಸಣಾ ಶಿಬಿರ ನಡೆದು ಆರು ವಾರಗಳಾದ ಬಳಿಕ, ಮದ್ರಸಾ ಸಭಾಂಗಣದಲ್ಲಿ ಸೇರಿದ ಜಮಾಅತ್ ಸಭೆಯಲ್ಲಿ ಮಂಡಿಸಿದ ವರದಿ ಭಾಷಣ)



ಶಿಬಿರದ ಮರುದಿನವೇ ವರದಿ ಒಪ್ಪಿಸಬೇಕೆಂದು ಅನೇಕರು ಕೇಳಿದ್ದರು. ಅಂದು ನಮ್ಮಲ್ಲಿದ್ದುದು ಬಂದವರ ಲೆಕ್ಕ ಮಾತ್ರ. ಬಂದವರಲ್ಲಿ ಎಷ್ಟು ಮಂದಿ ಚಿಕಿತ್ಸೆಯವರೆಗೆ ತಲುಪಿದರೆಂಬುದೇ ಶಿಬಿರದ ನಿಜವಾದ ಲೆಕ್ಕ. ಅದು ತಿಳಿಯಲು ಆರು ವಾರ ಬೇಕಾಯಿತು.

ಶಿಬಿರಕ್ಕೆ ಬಂದವರು 312 ಮಂದಿ. ಅವರಲ್ಲಿ ಮಹಿಳೆಯರು 187. ಮೂವತ್ತು ವರ್ಷ ದಾಟಿದ 246 ಮಂದಿಗೆ ರಕ್ತದೊತ್ತಡ ಮತ್ತು ಸಕ್ಕರೆಯ ಪರೀಕ್ಷೆ ನಡೆಯಿತು. ಮಹಿಳೆಯರಿಗೆ ಹಿಮೋಗ್ಲೋಬಿನ್ ಪರೀಕ್ಷೆಯನ್ನೂ ಮಾಡಲಾಯಿತು.

ಮೊದಲು ರಕ್ತದೊತ್ತಡದ ವಿಷಯ. ಮೊದಲ ಅಳತೆಯಲ್ಲಿ 71 ಮಂದಿಯ ಒತ್ತಡ 140/90 ಅಥವಾ ಅದಕ್ಕಿಂತ ಹೆಚ್ಚಿತ್ತು. ಇವರೆಲ್ಲರನ್ನೂ ಬದಿಯ ಕೋಣೆಯಲ್ಲಿ ಮಾತಿಲ್ಲದೆ ಕುಳ್ಳಿರಿಸಿ, ಬೆನ್ನಿಗೆ ಆಸರೆ ಕೊಟ್ಟು, ತೋಳನ್ನು ಎದೆಯ ಮಟ್ಟದಲ್ಲಿರಿಸಿ ವೈದ್ಯರು ಮತ್ತೆ ಅಳೆದಾಗ ಆ ಸಂಖ್ಯೆ 48ಕ್ಕೆ ಇಳಿಯಿತು. ಮೊದಲ ಅಳತೆಯಲ್ಲಿ 170/104 ಇದ್ದ ಒಬ್ಬ ಹಿರಿಯರ ಒತ್ತಡ ಕಾಲು ಗಂಟೆಯ ನಂತರ 136/84 ಆಗಿತ್ತು. ಅವರು ಆಗತಾನೇ ಚಹಾ ಕುಡಿದು, ಎರಡು ಮಹಡಿ ಮೆಟ್ಟಿಲು ಹತ್ತಿ, ಸಾಲಿನಲ್ಲಿ ಮಾತನಾಡುತ್ತಾ ನಿಂತಿದ್ದರು. ಮೊದಲ ಅಂಕೆಯನ್ನೇ ನಂಬಿದ್ದರೆ ಅವರು ಅನಗತ್ಯ ಭಯದೊಂದಿಗೆ ಮನೆಗೆ ಮರಳುತ್ತಿದ್ದರು. ಎರಡನೆಯ ಬಾರಿಯೂ ಹೆಚ್ಚಿದ್ದವರನ್ನು ಕೂಡಾ ಆ ಒಂದೇ ದಿನದ ಅಳತೆಯಿಂದ ರೋಗಿಗಳೆಂದು ತೀರ್ಮಾನಿಸುವಂತಿಲ್ಲ. ಬೇರೊಂದು ದಿನವೂ ಒತ್ತಡ ಹೆಚ್ಚೇ ಇದೆಯೆಂದು ಖಚಿತವಾಗಬೇಕು. 48 ಮಂದಿಯಲ್ಲಿ 29 ಮಂದಿಗೆ ತಮ್ಮ ಕಾಯಿಲೆ ಮೊದಲೇ ತಿಳಿದಿತ್ತು. 19 ಮಂದಿಗೆ ಅದು ಹೊಸ ಸುದ್ದಿಯಾಗಿತ್ತು.

ಸಕ್ಕರೆಯ ಪರೀಕ್ಷೆಯಲ್ಲಿ 63 ಮಂದಿಯ ಅಂಶ 140ಕ್ಕಿಂತ ಮೇಲಿತ್ತು. ಇವರಲ್ಲಿ 25 ಮಂದಿ ಹೊಸಬರು. ಬೆರಳಿನ ಹನಿ ರಕ್ತದಿಂದ ಅಳೆಯುವ ಯಂತ್ರ ಸೂಚನೆಯನ್ನಷ್ಟೇ ಕೊಡುತ್ತದೆ. ಖರ್ಜೂರವನ್ನೋ ಬಿಸ್ಕತ್ತನ್ನೋ ತಿಂದು ಕೈ ತೊಳೆಯದೆ ಬಂದರೆ ಬೆರಳಿಗಂಟಿದ ಸಿಹಿಯೇ ಅಂಕೆಯನ್ನು ಏರಿಸಿಬಿಡುತ್ತದೆ. ಆದ್ದರಿಂದ ಹೆಚ್ಚು ಬಂದವರಿಗೆಲ್ಲ ಸಾಬೂನಿನಿಂದ ಕೈ ತೊಳೆಸಿ, ಒರೆಸಿ, ಇನ್ನೊಂದು ಬೆರಳಿನಿಂದ ಮತ್ತೆ ಪರೀಕ್ಷಿಸಲಾಯಿತು. ಸಕ್ಕರೆ ಕಾಯಿಲೆಯೆಂದು ನಿರ್ಧರಿಸುವುದು ಪ್ರಯೋಗಾಲಯದ ಪರೀಕ್ಷೆಯಿಂದಲೇ. ಅಲ್ಲಿ ಬರಿಹೊಟ್ಟೆಯ ಅಂಶ 126 ಅಥವಾ ಅದಕ್ಕಿಂತ ಮೇಲಿದ್ದರೆ ವೈದ್ಯರು ಅದನ್ನು ಸಕ್ಕರೆ ಕಾಯಿಲೆಯೆಂದು ಪರಿಗಣಿಸುತ್ತಾರೆ.

ಮಹಿಳೆಯರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿಗೆ ರಕ್ತಹೀನತೆಯಿತ್ತು, ಅಂದರೆ ಅವರ ಹಿಮೋಗ್ಲೋಬಿನ್ 12ಕ್ಕಿಂತ ಕಡಿಮೆಯಿತ್ತು. ಆರು ಮಂದಿಯಲ್ಲಿ ಅದು 8ಕ್ಕಿಂತಲೂ ಕೆಳಗಿತ್ತು. ಇಂತಹವರಿಗೆ ಕಬ್ಬಿಣಾಂಶದ ಮಾತ್ರೆ ಕೊಟ್ಟು ಕಳುಹಿಸಿದರೆ ಸಾಲದು. ಅತಿಯಾದ ಮುಟ್ಟಿನ ಸ್ರಾವವೋ ಇನ್ನಾವ ಕಾರಣವೋ ಎಂಬುದನ್ನು ವೈದ್ಯರು ಕಂಡುಹಿಡಿಯಬೇಕು.

ಹೊಸದಾಗಿ ಪತ್ತೆಯಾದವರು 40 ಮಂದಿ. ನಾಲ್ವರಲ್ಲಿ ಒತ್ತಡವೂ ಸಕ್ಕರೆಯೂ ಒಟ್ಟಿಗೆ ಕಂಡುಬಂದಿದ್ದವು. ಕಾಯಿಲೆ ತಿಳಿದಿದ್ದೂ ಮಾತ್ರೆ ನಿಲ್ಲಿಸಿದ್ದವರು 16, ತೀವ್ರ ರಕ್ತಹೀನತೆಯವರು 6. ಹೀಗೆ 62 ಮಂದಿಗೆ ತಾಲೂಕು ಆಸ್ಪತ್ರೆಗೆ ಹೋಗುವಂತೆ ಚೀಟಿ ನೀಡಲಾಯಿತು. ಎರಡು ವಾರಗಳ ನಂತರ ವಿಚಾರಿಸಿದಾಗ ಹೋಗಿದ್ದವರು ಕೇವಲ 20 ಮಂದಿ!

ಉಳಿದವರು ಏಕೆ ಹೋಗಲಿಲ್ಲ? ಅಸಡ್ಡೆಯೆಂದು ಹೇಳಿಬಿಡುವುದು ಸುಲಭ. ಆದರೆ ನಮ್ಮ ಕಾರ್ಯಕರ್ತೆಯರು ಮನೆಮನೆಗೆ ಹೋದಾಗ ಬೇರೆಯೇ ಚಿತ್ರ ಕಂಡಿತು. ಬೀಡಿ ಕಟ್ಟುವ ಓರ್ವ ಸಹೋದರಿಯ ಉದಾಹರಣೆಯನ್ನು ನೋಡಿ. ವಯಸ್ಸು 46. ಶಿಬಿರದಲ್ಲಿ ಸಕ್ಕರೆಯ ಅಂಶ 286. ರಾತ್ರಿ ಮೂರ್ನಾಲ್ಕು ಬಾರಿ ಮೂತ್ರಕ್ಕೆ ಏಳುವುದು, ಬಾಯಾರಿಕೆ, ಸುಸ್ತು, ಎಲ್ಲವೂ ತಿಂಗಳುಗಳಿಂದ ಇದ್ದವು. ಕುಳಿತೇ ಕೆಲಸ ಮಾಡುವುದರಿಂದ ಹೀಗಾಗುತ್ತದೆಂದು ಆಕೆ ಭಾವಿಸಿದ್ದರು. ಬರಿಹೊಟ್ಟೆಯ ಪರೀಕ್ಷೆಗೆ ಬೆಳಗ್ಗೆ ಏನೂ ತಿನ್ನದೆ ಹೋಗಬೇಕು, ಊಟದ ನಂತರದ ಪರೀಕ್ಷೆಗೆ ಮತ್ತೆ ಎರಡು ಗಂಟೆ ಕಾಯಬೇಕು. ಅಷ್ಟರಲ್ಲಿ ಆ ದಿನದ ಬೀಡಿಯೂ ಇಲ್ಲ, ಮಜೂರಿಯೂ ಇಲ್ಲ. ಪತಿ ಗಲ್ಫಿನಲ್ಲಿದ್ದಾರೆ, ಜೊತೆಗೆ ಬರಲು ಮನೆಯಲ್ಲಿ ಯಾರೂ ಇಲ್ಲ. ಆಸ್ಪತ್ರೆಯಲ್ಲಿ ಯಾವ ಕೋಣೆಗೆ ಹೋಗಬೇಕೆಂಬುದೂ ತಿಳಿದಿರಲಿಲ್ಲ. ಚೀಟಿಯನ್ನು ಜೋಪಾನವಾಗಿ ಕಪಾಟಿನಲ್ಲಿ ಇರಿಸಿದ್ದರು.

ನೆರೆಯ ಓರ್ವ ಕಾರ್ಯಕರ್ತೆ ಒಂದು ಬೆಳಗ್ಗೆ ಜೊತೆಗೆ ಹೋದರು. ಬರಿಹೊಟ್ಟೆಯ ಅಂಶ 168 ಎಂದು ಬಂತು, ಕಾಯಿಲೆ ಖಚಿತವಾಯಿತು. ತಿಂಗಳ ಮಾತ್ರೆಗಳು ಆಸ್ಪತ್ರೆಯಿಂದಲೇ ಉಚಿತವಾಗಿ ದೊರೆತವು. ಆ ಸಹೋದರಿಗೆ ಬೇಕಾಗಿದ್ದುದು ಜೊತೆಗೆ ಬರುವ ಒಂದು ಜೀವ ಮತ್ತು ಒಂದು ಬೆಳಗ್ಗೆ.

ಈ ಭೇಟಿಗಳ ಬಳಿಕ ಇನ್ನೂ 24 ಮಂದಿ ಆಸ್ಪತ್ರೆಗೆ ಹೋದರು. ಇಂದಿಗೆ 62ರಲ್ಲಿ 44 ಮಂದಿ ವೈದ್ಯರನ್ನು ಕಂಡಿದ್ದಾರೆ. ಉಳಿದ 18 ಮಂದಿಯ ಪಟ್ಟಿ ನಮ್ಮ ಬಳಿಯಿದೆ, ಭೇಟಿ ಮುಂದುವರಿಯುತ್ತಿದೆ.

ಶಿಬಿರದಲ್ಲಿ ಮಾತ್ರೆ ಹಂಚಲಿಲ್ಲವೇಕೆ ಎಂದು ಕೆಲವು ಹಿರಿಯರು ಅಸಮಾಧಾನ ವ್ಯಕ್ತಪಡಿಸಿದ್ದಾರೆ. ಸಕ್ಕರೆ ಮತ್ತು ರಕ್ತದೊತ್ತಡದ ಔಷಧಿ ಒಂದು ವಾರದ ಕೋರ್ಸ್ ಅಲ್ಲ. ಏಳು ದಿನದ ಮಾತ್ರೆ ಕೊಟ್ಟರೆ ಎಂಟನೆಯ ದಿನ ರೋಗಿ ‘ಗುಣವಾಯಿತು’ ಎಂದು ನಿಲ್ಲಿಸಿಬಿಡುತ್ತಾರೆ. ಮಾತ್ರೆ ನಿಲ್ಲಿಸಿದ್ದ ಆ 16 ಮಂದಿಯಲ್ಲಿ ಹೆಚ್ಚಿನವರು ಹೇಳಿದ ಕಾರಣವೂ ಇದೇ: “ಈಗ ಏನೂ ತೊಂದರೆಯಿಲ್ಲವಲ್ಲ!” ಈ ಕಾಯಿಲೆಗಳು ನೋವು ಕೊಡದೆಯೇ ಮೂತ್ರಪಿಂಡ, ಕಣ್ಣು ಮತ್ತು ಹೃದಯವನ್ನು ಹಾಳುಮಾಡುತ್ತವೆ. ಸರಕಾರಿ ಆಸ್ಪತ್ರೆಯ ಔಷಧಿ ದಾನವಲ್ಲ, ನಮ್ಮ ತೆರಿಗೆಯ ಹಣದಿಂದ ಬಂದ ಹಕ್ಕು. ಅಲ್ಲಿ ಮಾತ್ರೆಗಳು ಮುಗಿದಿದ್ದರೆ ಲಿಖಿತವಾಗಿ ಕೇಳೋಣ. ಶಿಬಿರವು ಸರಕಾರದ ಹೊಣೆಯನ್ನು ಇಳಿಸುವ ಸಾಧನವಾಗಬಾರದು.

ಮುಂದಿನ ಶಿಬಿರಕ್ಕೆ ಈ ಆರು ವಾರಗಳು ಕೊಟ್ಟ ಪಾಠಗಳು ಮೂರು. ಒಂದು, ಒತ್ತಡ ಅಳೆಯುವ ಮೇಜಿನ ಮುಂದೆ ಸಾಲು ಬೇಡ, ಕುರ್ಚಿಗಳಿರಲಿ. ಐದು ನಿಮಿಷ ಕುಳಿತವರನ್ನಷ್ಟೇ ಒಳಗೆ ಕರೆಯಬೇಕು. ಚಹಾ ತಪಾಸಣೆಯ ನಂತರ ಕೊಡೋಣ. ಎರಡು, ಚೀಟಿಯಲ್ಲಿ ಹೋಗಬೇಕಾದ ದಿನ, ಕೋಣೆ ಮತ್ತು ಜೊತೆಗೆ ಬರುವವರ ಹೆಸರು ಇರಬೇಕು, ಅದರ ಪ್ರತಿ ನಮ್ಮಲ್ಲಿ ಉಳಿಯಬೇಕು. ಪ್ರತಿ ಐದು ರೋಗಿಗಳಿಗೆ ಓರ್ವ ಕಾರ್ಯಕರ್ತ ಅಥವಾ ಕಾರ್ಯಕರ್ತೆ ಮೂರು ತಿಂಗಳವರೆಗೆ ಹೊಣೆಯಾಗಬೇಕು.

ಮೂರನೆಯದು ಶಿಬಿರದ ಕಾಲಕ್ಕೆ ಸಂಬಂಧಿಸಿದ್ದು. ಸಕ್ಕರೆ ಕಾಯಿಲೆಯವರು ರಮಝಾನಿನ ಉಪವಾಸಕ್ಕೆ ಮೊದಲು, ಕನಿಷ್ಠ ಆರು ವಾರ ಮುಂಚಿತವಾಗಿ ವೈದ್ಯರನ್ನು ಕಾಣಬೇಕು. ಮಾತ್ರೆ ಅಥವಾ ಇನ್ಸುಲಿನ್‌ನ ಪ್ರಮಾಣ ಮತ್ತು ಹೊತ್ತನ್ನು ಬದಲಿಸಬೇಕಾದೀತು. ಉಪವಾಸದ ನಡುವೆ ಸಕ್ಕರೆಯ ಅಂಶ 70ಕ್ಕಿಂತ ಕೆಳಗಿಳಿದರೆ ಅಥವಾ 300 ದಾಟಿದರೆ ಉಪವಾಸ ತೊರೆಯಬೇಕೆಂಬುದು ವೈದ್ಯರ ಸಲಹೆ. ಬೆರಳು ಚುಚ್ಚಿ ರಕ್ತ ಪರೀಕ್ಷಿಸಿದರೆ ಉಪವಾಸ ಮುರಿಯುತ್ತದೆಂಬ ಭಯ ಹಲವರಲ್ಲಿದೆ. ಅದು ಮುರಿಯುವುದಿಲ್ಲವೆಂದು ವಿದ್ವಾಂಸರು ಸ್ಪಷ್ಟಪಡಿಸಿದ್ದಾರೆ. ರೋಗಿಗೆ ಬೇರೆ ದಿನಗಳಲ್ಲಿ ಉಪವಾಸ ಪೂರ್ತಿಗೊಳಿಸುವ ರಿಯಾಯಿತಿಯನ್ನು ಅಲ್‌ಬಕರಃ ಅಧ್ಯಾಯದಲ್ಲಿ ಅಲ್ಲಾಹನೇ ನೀಡಿದ್ದಾನೆ. ಆದ್ದರಿಂದ ಮುಂದಿನ ಶಿಬಿರವನ್ನು ರಜಬ್ ತಿಂಗಳ ಆರಂಭದಲ್ಲೇ ನಡೆಸಬೇಕೆಂಬುದು ನಮ್ಮ ಪ್ರಸ್ತಾಪ.

ಜಮಾಅತ್ ಇಂದು ತೀರ್ಮಾನಿಸಬೇಕಾದ ವಿಷಯ ಒಂದಿದೆ. ಶಾಮಿಯಾನ ಮತ್ತು ಬ್ಯಾನರಿಗೆಂದು ಎತ್ತಿಡುವ ಹಣದ ಒಂದು ಭಾಗವನ್ನು, ಆಸ್ಪತ್ರೆಗೆ ಹೋಗುವವರ ಆಟೋ ಬಾಡಿಗೆಗೆ ಮತ್ತು ಅಂದು ಕಳೆದುಕೊಳ್ಳುವ ಮಜೂರಿಗೆ ಮೀಸಲಿಡಲು ತಾವು ಒಪ್ಪುವಿರಾ? ಆ 18 ಮನೆಗಳ ಬಾಗಿಲಿಗೆ ಮುಂದಿನ ವಾರ ನಾವು ಹೋಗುವಾಗ ನಮ್ಮ ಕೈಯಲ್ಲಿ ಈ ಪ್ರಶ್ನೆಯ ಉತ್ತರವಿರಬೇಕು. ವಸ್ಸಲಾಮ್.