ಸಂಬಳ ನಿಂತ ತಿಂಗಳು ಮೊದಲು ಯಾವುದನ್ನ ಕಟ್ಟೋದು?

ಸಂಬಳ ನಿಂತಾಗ ಯಾವ ಸಾಲ ದೊಡ್ಡದು ಅಂತ ನಾನು ನೋಡಲ್ಲ. ಈ ತಿಂಗಳು ಕಟ್ಟದಿದ್ರೆ ಏನು ಕೈತಪ್ಪುತ್ತೆ ಅಂತ ನೋಡ್ತೀನಿ.

ಒಂದು ಲೆಕ್ಕ ಹಾಕೋಣ. ಖಾತೆಯಲ್ಲಿ 30,000 ರೂಪಾಯಿ ಇದೆ. ಬಾಡಿಗೆ 12,000, ರೇಷನ್ನು ಕರೆಂಟು ಸೇರಿ 7,000; ಇವು ಮೊದಲು. ಬೈಕ್ ಇಎಂಐ 4,500. ಕಟ್ಟದಿದ್ರೆ ಬೈಕನ್ನೇ ಎತ್ಕೊಂಡು ಹೋಗಬಹುದು, ಆಗ ಡೆಲಿವರಿ ಕೆಲಸಕ್ಕೂ ದಾರಿ ಇರಲ್ಲ. ಹಾಗಾಗಿ ಅದು ಆಮೇಲೆ. ಉಳಿದಿದ್ದು 6,500.

ಪರ್ಸನಲ್ ಲೋನ್ ಇಎಂಐ 8,000. ಇದಕ್ಕೆ ಅಡಮಾನ ಇಲ್ಲ, ಕೊನೆಗಿರಲಿ. ಆದ್ರೆ ಆಟೋ ಡೆಬಿಟ್‌ಗೆ ನಿಮ್ಮ ಲೆಕ್ಕ ಗೊತ್ತಿಲ್ಲ. 5ನೇ ತಾರೀಕು ಬಾಡಿಗೆ ದುಡ್ಡನ್ನೇ ಎಳ್ಕೊಳ್ಳುತ್ತೆ. ಬಾಡಿಗೆಯನ್ನ 1ನೇ ತಾರೀಕೇ ಕೊಟ್ಟುಬಿಡಿ.

ಹಾಗಂತ ಲೋನ್ ಸುಮ್ಮನೆ ಬೌನ್ಸ್ ಆಗೋಕೆ ಬಿಡಬೇಡಿ. ಬ್ಯಾಂಕು, ಸಾಲ ಕೊಟ್ಟವರು ಇಬ್ಬರೂ ಚಾರ್ಜ್ ಹಾಕಬಹುದು, ಕ್ರೆಡಿಟ್ ಸ್ಕೋರ್ ಇಳಿಯುತ್ತೆ, ಕೇಸ್ ಹಾಕೋಕೂ ಕಾನೂನಲ್ಲಿ ಅವಕಾಶ ಇದೆ. ತಾರೀಕಿಗೆ ಮುಂಚೆಯೇ ಇಮೇಲ್ ಮಾಡಿ: ಕೆಲಸ ಹೋಗಿದೆ, ಅವಧಿ ಹೆಚ್ಚಿಸಿ ಇಎಂಐ ಇಳಿಸಿ ಅಂತ. ಅವರು ಒಪ್ಪಲೇಬೇಕು ಅಂತೇನಿಲ್ಲ. ಆದ್ರೆ ಬಾಕಿ 90 ದಿನ ದಾಟಿದ್ರೆ ಸಾಲ ಎನ್‌ಪಿಎ ಆಗುತ್ತೆ. ಅಷ್ಟರೊಳಗೆ ಮಾತಾಡೋದೇ ಸುಲಭ.